130% ಲೋಡ್ ಮೂರು ಗಂಟೆ ತಡೆಯುತ್ತಾ? ಟ್ರಾನ್ಸ್‌ಫಾರ್ಮರ್ ಹಾಟ್ ಸ್ಪಾಟ್ ಲೆಕ್ಕ

ಬೇಸಿಗೆ ಬಂತೆಂದರೆ ಸಬ್‌ಸ್ಟೇಷನ್‌ಗಳಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಎರಡು ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಒಂದನ್ನು ಯಾವುದೋ ಕೆಲಸಕ್ಕೆ ನಿಲ್ಲಿಸಬೇಕು. ಅದರ ಲೋಡ್ ಪೂರ್ತಿ ಇನ್ನೊಂದರ ಮೇಲೆ ಬೀಳುತ್ತದೆ. ಆಗ ಮೇಲಿನವರು ಫೋನ್ ಮಾಡಿ ಕೇಳುತ್ತಾರೆ, "ಎಷ್ಟು ಪರ್ಸೆಂಟ್ ತನಕ ಹಾಕಬಹುದು ಹೇಳಿ."

ಈ ಪ್ರಶ್ನೆಗೆ ಒಂದೇ ಒಂದು ಪರ್ಸೆಂಟ್ ಉತ್ತರವಾಗಿ ಇಲ್ಲ. ಅದೇ 130% ಬೆಳಗಿನ ಜಾವ ಸಲೀಸಾಗಿ ನಡೆಯಬಹುದು, ಮಧ್ಯಾಹ್ನ ಅಪಾಯವಾಗಬಹುದು. ಚಿತ್ರದುರ್ಗ ಸೀಮೆಯ ಒಂದು 66/11 ಕೆವಿ ಸ್ಟೇಷನ್‌ನಲ್ಲಿ ನಾನು ಕೆಲಸ ಮಾಡುವಾಗ ಈ ಲೆಕ್ಕವನ್ನು ಕೂತು ಪೂರ್ತಿ ಮಾಡಬೇಕಾಗಿ ಬಂತು. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮಲ್ಲಿ 12.5 ಎಂವಿಎ ಟ್ರಾನ್ಸ್‌ಫಾರ್ಮರ್ ಎರಡಿದ್ದವು. ಎರಡನೆಯದರ ಟ್ಯಾಪ್ ಚೇಂಜರ್ ಒಳಗಿನ ಎಣ್ಣೆ ಮುಖ್ಯ ಟ್ಯಾಂಕಿಗೆ ಜಿನುಗುತ್ತಿತ್ತು. ಸರಿಮಾಡಲು ಮೂರು ದಿನ ಎಲ್‌ಸಿ, ಅಂದರೆ ಅದನ್ನು ಲೈನಿನಿಂದ ತೆಗೆದು ಕೆಲಸಕ್ಕೆ ಬಿಟ್ಟುಕೊಡುವ ಅನುಮತಿ ಬೇಕು ಎಂದು ಕೆಲಸದವರು ಹೇಳಿದ್ದರು. ಬೆಳಗ್ಗೆ ಊರಿನ ಲೋಡ್ ಮಾತ್ರ ಇದ್ದಾಗ ಎರಡೂ ಸೇರಿ ಒಂದು ಟ್ರಾನ್ಸ್‌ಫಾರ್ಮರಿನ 70% ಆಗುತ್ತಿತ್ತು. ಅಷ್ಟು ಒಂದರ ಮೇಲೆ ಆರಾಮಾಗಿ ನಡೆಯುತ್ತದೆ. ತೊಂದರೆ ಇದ್ದದ್ದು ಮಧ್ಯಾಹ್ನ 12ರಿಂದ 3ರವರೆಗೆ. ಆಗ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕೊಡುವ ಬ್ಯಾಚ್. ನಾಲ್ಕು ಫೀಡರ್, ಒಂದೊಂದಕ್ಕೂ ಸುಮಾರು 15%. ನಾಲ್ಕನ್ನೂ ಹಾಕಿದರೆ ಒಟ್ಟು 130%.

ನಮ್ಮ ಎಕ್ಸಿಕ್ಯೂಟಿವ್ ಇಂಜಿನಿಯರ್, ಅಂದರೆ ಇಇ ಸಾಹೇಬರು ಫೋನಿನಲ್ಲಿ ಕೇಳಿದರು, "ಮೇಡಂ, ಮೂರೇ ಗಂಟೆ ಅಲ್ವಾ? ಅಷ್ಟು ತಡೆಯಲ್ವಾ? ತೋಟಗಳು ಒಣಗ್ತಾ ಇವೆ, ಸಪ್ಲೈ ಕಟ್ ಮಾಡಿದ್ರೆ ಜನ ಸ್ಟೇಷನ್ ಗೇಟಿಗೆ ಬರ್ತಾರೆ." ಅವರ ಮಾತಿನಲ್ಲಿ ತಪ್ಪಿಲ್ಲ. ಏಪ್ರಿಲ್‌ನಲ್ಲಿ ಅಡಿಕೆಗೆ ನೀರು ತಪ್ಪಿದರೆ ಏನಾಗುತ್ತದೆ ಅಂತ ನನಗೂ ಗೊತ್ತು. "ಸಂಜೆಯೊಳಗೆ ಲೆಕ್ಕ ಮಾಡಿ ಹೇಳ್ತೀನಿ ಸರ್" ಎಂದೆ.

ಲೆಕ್ಕ ಎಲ್ಲಿಂದ ಶುರು

ಟ್ರಾನ್ಸ್‌ಫಾರ್ಮರ್ ಒಳಗೆ ತಾಮ್ರಕ್ಕೆ ಸುತ್ತಿರುವುದು ಕಾಗದ. ತಾಮ್ರ, ಕಬ್ಬಿಣ ವಯಸ್ಸಾಗಿ ಸಾಯುವುದಿಲ್ಲ. ಎಣ್ಣೆಯನ್ನು ಫಿಲ್ಟರ್ ಮಾಡಬಹುದು, ಬದಲಿಸಲೂಬಹುದು. ಕಾಗದವನ್ನು ಮಾತ್ರ ಬದಲಿಸುವ ಹಾಗಿಲ್ಲ, ಬದಲಿಸಬೇಕೆಂದರೆ ವೈಂಡಿಂಗನ್ನೇ ಬಿಚ್ಚಿ ಹೊಸದಾಗಿ ಸುತ್ತಬೇಕು. ಹಾಗಾಗಿ ಟ್ರಾನ್ಸ್‌ಫಾರ್ಮರಿನ ಆಯಸ್ಸು ಎಂದರೆ ಅದರ ಕಾಗದದ ಆಯಸ್ಸು. ಹೊಸ ಕಾಗದದಲ್ಲಿ ಸೆಲ್ಯುಲೋಸ್ ಸರಪಳಿಯ ಉದ್ದ, ಅಂದರೆ ಡಿಪಿ, ಸುಮಾರು 1000 ಇರುತ್ತದೆ. ಬಿಸಿಗೆ ಸರಪಳಿ ತುಂಡಾಗುತ್ತಾ ಹೋಗಿ 200ಕ್ಕೆ ಇಳಿದರೆ ಕಾಗದದಲ್ಲಿ ಬಲವೇ ಉಳಿದಿರುವುದಿಲ್ಲ. ಅಂಥ ಕಾಗದವೂ ವೋಲ್ಟೇಜ್ ತಡೆಯುತ್ತದೆ. ಆದರೆ ಹೊರಗೆ ಒಂದು ಶಾರ್ಟ್ ಸರ್ಕ್ಯೂಟ್ ಆಗಿ ವೈಂಡಿಂಗ್ ಜರ್ಕ್ ಹೊಡೆದಾಗ ಹರಿದುಹೋಗುತ್ತದೆ.

ಈ ಕಾಗದ ಎಲ್ಲ ಕಡೆ ಒಂದೇ ಬಿಸಿ ಇರುವುದಿಲ್ಲ. ಕೆಳಗಿಂದ ಏರುವ ಎಣ್ಣೆ ಮೇಲಕ್ಕೆ ಹೋದಷ್ಟೂ ಬಿಸಿಯಾಗುತ್ತದೆ. ವೈಂಡಿಂಗಿನ ಮೇಲ್ತುದಿಯಲ್ಲಿ ಲೀಕೇಜ್ ಫ್ಲಕ್ಸ್‌ನಿಂದ ಬೇರೆ ನಷ್ಟ ಜಾಸ್ತಿ. ಅಲ್ಲೆಲ್ಲೋ ಒಂದು ಕಡೆ ಅತಿ ಹೆಚ್ಚು ಬಿಸಿಯಾಗುವ ಜಾಗವೇ ಹಾಟ್ ಸ್ಪಾಟ್. ಆ ಜಾಗದ ಕಾಗದ ಸತ್ತರೆ ಇಡೀ ಟ್ರಾನ್ಸ್‌ಫಾರ್ಮರ್ ಸತ್ತ ಹಾಗೆ, ಉಳಿದ ಕಡೆ ಎಷ್ಟೇ ಚೆನ್ನಾಗಿರಲಿ.

ಹಾಟ್ ಸ್ಪಾಟ್ ಬಿಸಿಯನ್ನು ಮೂರು ಭಾಗ ಕೂಡಿಸಿ ತೆಗೆಯುತ್ತಾರೆ. ಹೊರಗಿನ ಗಾಳಿಯ ಬಿಸಿ, ಅದರ ಮೇಲೆ ಮೇಲ್ಭಾಗದ ಎಣ್ಣೆ ಎಷ್ಟು ಏರಿದೆ, ಅದರ ಮೇಲೆ ಹಾಟ್ ಸ್ಪಾಟ್ ಇನ್ನೆಷ್ಟು ಏರಿದೆ. ಐಇಸಿ 60076-7 ಲೋಡಿಂಗ್ ಗೈಡ್‌ನ ಸೂತ್ರ, ಲೋಡ್ ಒಂದೇ ಸಮ ಇದ್ದಾಗ, ಹೀಗಿದೆ:

```
θh = θa + Δθo·[(1 + R·K²)/(1 + R)]^0.8 + Hg·K^1.3
V  = 2^((θh − 98)/6)
```

θh ಎಂದರೆ ಹಾಟ್ ಸ್ಪಾಟ್ ಬಿಸಿ, θa ಹೊರಗಿನ ಗಾಳಿಯ ಬಿಸಿ. K ಎಂದರೆ ಲೋಡ್, ಫುಲ್ ಲೋಡ್‌ಗೆ 1. R ಎಂದರೆ ಲೋಡ್ ನಷ್ಟ ಮತ್ತು ನೋ-ಲೋಡ್ ನಷ್ಟದ ಅನುಪಾತ. Δθo ಫುಲ್ ಲೋಡ್‌ನಲ್ಲಿ ಎಣ್ಣೆಯ ಏರಿಕೆ, Hg ಅದರ ಮೇಲೆ ಹಾಟ್ ಸ್ಪಾಟ್‌ನ ಏರಿಕೆ. ಇವೆಲ್ಲ ಫ್ಯಾಕ್ಟರಿ ಟೆಸ್ಟ್ ರಿಪೋರ್ಟ್‌ನ ಹೀಟ್ ರನ್ ಪುಟದಿಂದ ಸಿಗುತ್ತವೆ. ನಮ್ಮ ಹಳೆಯ ಫೈಲಿನಲ್ಲಿ ಆ ರಿಪೋರ್ಟ್ ಇತ್ತು. ಎಣ್ಣೆಯ ಏರಿಕೆ 47 ಡಿಗ್ರಿ. ವೈಂಡಿಂಗಿಗೂ ಎಣ್ಣೆಗೂ ಇರುವ ಬಿಸಿಯ ಸರಾಸರಿ ಅಂತರ, ಅಂದರೆ ಗ್ರೇಡಿಯಂಟ್ ಅನ್ನು ಗೈಡ್ ಹೇಳುವಂತೆ 1.3ರಿಂದ ಗುಣಿಸಿದರೆ ಹಾಟ್ ಸ್ಪಾಟ್ ಏರಿಕೆ 22 ಡಿಗ್ರಿ. ನಷ್ಟದ ಅನುಪಾತ 7.

ಎರಡನೆಯ ಸಾಲು ವಯಸ್ಸಾಗುವ ವೇಗ. ಮಾಮೂಲಿ ಕ್ರಾಫ್ಟ್ ಕಾಗದ 98 ಡಿಗ್ರಿಯಲ್ಲಿದ್ದರೆ ಒಂದು ಗಂಟೆಗೆ ಒಂದು ಗಂಟೆಯ ಆಯಸ್ಸು ಕಳೆಯುತ್ತದೆ. ಅಲ್ಲಿಂದ ಪ್ರತಿ 6 ಡಿಗ್ರಿ ಏರಿದರೆ ವೇಗ ಎರಡರಷ್ಟು, 6 ಡಿಗ್ರಿ ಇಳಿದರೆ ಅರ್ಧ. ಬಿಸಿಗೂ ಕಾಗದದ ಆಯಸ್ಸಿಗೂ ಇಂಥ ನಿಯಮವೊಂದನ್ನು ಮಾಂಟ್‌ಸಿಂಗರ್ 1930ರಲ್ಲೇ ಕೊಟ್ಟಿದ್ದರು. ಈಗಿನ ಗೈಡ್‌ನಲ್ಲಿರುವುದು ಅದರದೇ ಮುಂದಿನ ರೂಪ.

ನಮ್ಮ ಟ್ರಾನ್ಸ್‌ಫಾರ್ಮರಿಗೆ ಇದನ್ನು ಹಾಕಿ ನೋಡಿ. ಹೊರಗೆ 29 ಡಿಗ್ರಿ ಇದ್ದು ಫುಲ್ ಲೋಡ್ ಇದ್ದರೆ 29 + 47 + 22, ಸರಿಯಾಗಿ 98. ಅಂದರೆ ನೇಮ್ ಪ್ಲೇಟ್ ಮೇಲಿನ 12.5 ಎಂವಿಎ ಹಾಕಿದರೂ ಆಗ ಆಯಸ್ಸು ಮಾಮೂಲಿ ವೇಗದಲ್ಲೇ ಕಳೆಯುತ್ತದೆ. ಹೊರಗೆ 39 ಡಿಗ್ರಿ ಇದ್ದರೆ ಅದೇ ಫುಲ್ ಲೋಡ್‌ಗೆ 108 ಆಗುತ್ತದೆ, ಕಾಗದ ಮೂರು ಪಟ್ಟು ವೇಗವಾಗಿ ವಯಸ್ಸಾಗುತ್ತದೆ. ಅಂದರೆ ನಮ್ಮ ಬೇಸಿಗೆ ಮಧ್ಯಾಹ್ನದಲ್ಲಿ ನೇಮ್ ಪ್ಲೇಟ್ ಲೋಡೇ ಒಂದು ರೀತಿಯ ಓವರ್‌ಲೋಡ್. ಐಇಸಿ ಪ್ರಕಾರ ಎಣ್ಣೆಗೆ 60, ವೈಂಡಿಂಗಿಗೆ 65 ಡಿಗ್ರಿ ಏರಿಕೆ ಬಿಡುತ್ತಾರೆ, ನಮ್ಮ ಟೆಂಡರ್‌ಗಳಲ್ಲಿ 50 ಮತ್ತು 55 ಕೇಳುತ್ತಾರೆ. ಅದು ನಮಗೆ ಸಿಕ್ಕ ಉಳಿಕೆ ಅಂತ ಕೆಲವರು ಅಂದುಕೊಂಡಿದ್ದಾರೆ. ಹಾಗಲ್ಲ. ನಮ್ಮ ಬಿಸಿಲಿಗೆ ಆಗಲೇ ಅದು ಖರ್ಚಾಗಿರುತ್ತದೆ.

ಮೂರು ಗಂಟೆಯಲ್ಲಿ ಏನಾಗುತ್ತದೆ

ಮಧ್ಯಾಹ್ನ 12ಕ್ಕೆ ಲೋಡ್ 70%ರಿಂದ 130%ಗೆ ಏರಿತು ಅಂದುಕೊಳ್ಳಿ, ಹೊರಗೆ 39 ಡಿಗ್ರಿ. ಶುರುವಿನಲ್ಲಿ ಹಾಟ್ ಸ್ಪಾಟ್ 82 ಇರುತ್ತದೆ. ಅದೇ ಲೋಡ್ ತುಂಬಾ ಹೊತ್ತು ಹಾಗೇ ಇದ್ದರೆ ಕೊನೆಗೆ 138ಕ್ಕೆ ಹೋಗಿ ನಿಲ್ಲುತ್ತದೆ. ಆದರೆ ತಕ್ಷಣ ಹೋಗುವುದಿಲ್ಲ, ಯಾಕೆಂದರೆ ಅಷ್ಟೊಂದು ಎಣ್ಣೆ ಬಿಸಿಯಾಗಬೇಕು. "ಮೂರೇ ಗಂಟೆ ಅಲ್ವಾ" ಎನ್ನುವ ಮಾತಿನ ಹಿಂದೆ ಇರುವ ಧೈರ್ಯ ಇದೇ.

ಎಣ್ಣೆ ಎಷ್ಟು ನಿಧಾನ? ಫ್ಯಾನ್ ಇರುವ ಇಂಥ ಟ್ರಾನ್ಸ್‌ಫಾರ್ಮರಿಗೆ ಗೈಡ್ ಕೊಡುವ ಅಂಕಿಗಳನ್ನು ಹಾಕಿದರೆ ಎಣ್ಣೆ ತನ್ನ ಏರಿಕೆಯ 63% ಮುಟ್ಟಲು ಸುಮಾರು 75 ನಿಮಿಷ ಸಾಕು. ಮೂರು ಗಂಟೆಯಲ್ಲಿ 90% ದಾಟಿರುತ್ತದೆ. ಆದ್ದರಿಂದ ಮೂರು ಗಂಟೆ ಎಂಬುದು ಟ್ರಾನ್ಸ್‌ಫಾರ್ಮರಿನ ಪಾಲಿಗೆ ಸ್ವಲ್ಪ ಹೊತ್ತಲ್ಲ. ಅರ್ಧ ಗಂಟೆ ಎಂದರೆ ಅದು ಸ್ವಲ್ಪ ಹೊತ್ತು. ಗೈಡ್ ಕೂಡ ಶಾರ್ಟ್ ಟೈಮ್ ಎಮರ್ಜೆನ್ಸಿ ಎಂದು ಕರೆಯುವುದು ಸಾಮಾನ್ಯವಾಗಿ ಅರ್ಧ ಗಂಟೆಗಿಂತ ಕಡಿಮೆ ಇರುವುದನ್ನು.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ. ಲೋಡ್ ಏಕದಂ ಏರಿದಾಗ ವೈಂಡಿಂಗ್ ನಿಮಿಷಗಳಲ್ಲಿ ಬಿಸಿಯಾಗುತ್ತದೆ, ಎಣ್ಣೆಯ ಹರಿವು ಮಾತ್ರ ಅಷ್ಟು ಬೇಗ ಚುರುಕಾಗುವುದಿಲ್ಲ. ಹಾಗಾಗಿ ಮೊದಲ ಅರ್ಧ, ಒಂದು ಗಂಟೆ ಹಾಟ್ ಸ್ಪಾಟ್ ಮತ್ತು ಮೇಲಿನ ಎಣ್ಣೆಯ ನಡುವಿನ ಅಂತರ ಕೊನೆಗೆ ನಿಲ್ಲಬೇಕಾದ ಮಟ್ಟಕ್ಕಿಂತ ಜಾಸ್ತಿ ಇರುತ್ತದೆ. ನಮ್ಮ ಲೆಕ್ಕದಲ್ಲಿ ಈ ಅಂತರ ಕೊನೆಗೆ 31 ಡಿಗ್ರಿಯಲ್ಲಿ ನಿಲ್ಲಬೇಕು, ಅರ್ಧ ಗಂಟೆಯ ಹೊತ್ತಿಗೆ ಅದು 38 ಇರುತ್ತದೆ. ಎಲ್ಲ ಸೇರಿಸಿದಾಗ ಅರ್ಧ ಗಂಟೆಗೆ ಹಾಟ್ ಸ್ಪಾಟ್ 120, ಒಂದು ಗಂಟೆಗೆ 128, ಎರಡಕ್ಕೆ 134, ಮೂರಕ್ಕೆ 136.

ಈಗ ಆಯಸ್ಸು. 128ರಲ್ಲಿ ಕಾಗದ 32 ಪಟ್ಟು ವೇಗವಾಗಿ ವಯಸ್ಸಾಗುತ್ತದೆ, 134ರಲ್ಲಿ 64 ಪಟ್ಟು. ಮೂರು ಗಂಟೆಯನ್ನೂ ಅರ್ಧರ್ಧ ಗಂಟೆಯಾಗಿ ಕೂಡಿಸಿದರೆ ಸುಮಾರು 138 ಗಂಟೆ. ಒಂದು ಮಧ್ಯಾಹ್ನಕ್ಕೆ ಆರು ದಿನದಷ್ಟು ಆಯಸ್ಸು. ಮೂರು ಮಧ್ಯಾಹ್ನಕ್ಕೆ ಹದಿನೇಳು ದಿನ.

ಕೇಳಿದರೆ ಭಯವಾಗುತ್ತದೆ, ಅಲ್ವಾ? ನನಗೆ ಇಷ್ಟಕ್ಕೇ ಭಯವಾಗಲಿಲ್ಲ. ಕಾರಣ, ಈ ಟ್ರಾನ್ಸ್‌ಫಾರ್ಮರ್ ವರ್ಷದ ಹೆಚ್ಚು ದಿನ 70% ಅಥವಾ ಅದಕ್ಕೂ ಕಡಿಮೆ ಲೋಡ್‌ನಲ್ಲಿ ಓಡುತ್ತದೆ. ರಾತ್ರಿ ಹೊರಗೆ 26 ಡಿಗ್ರಿ ಇದ್ದು 70% ಲೋಡ್ ಇದ್ದರೆ ಹಾಟ್ ಸ್ಪಾಟ್ ಬರೀ 69. ಆಗ ಒಂದು ಗಂಟೆಗೆ ಎರಡು ನಿಮಿಷದಷ್ಟು ಆಯಸ್ಸು ಕಳೆಯುತ್ತದೆ. ಕಾಗದದ ಆಯಸ್ಸು ಒಂದು ಉಳಿತಾಯ ಖಾತೆಯಂತೆ. ವರ್ಷವಿಡೀ ಹಿಡಿದು ಖರ್ಚು ಮಾಡಿದವರು ಎಲ್ಲೋ ಮೂರು ದಿನ ಜಾಸ್ತಿ ಖರ್ಚು ಮಾಡಿದರೆ ಖಾತೆ ಖಾಲಿಯಾಗುವುದಿಲ್ಲ. ದಿನಾ ಹಾಗೇ ಮಾಡಿದರೆ ಆಗುತ್ತದೆ. ಬರೀ ಆಯಸ್ಸಿನ ಪ್ರಶ್ನೆ ಆಗಿದ್ದರೆ ಮೂರು ದಿನದ 130%ಗೆ ನಾನು ಒಪ್ಪಿಗೆ ಕೊಡುತ್ತಿದ್ದೆನೋ ಏನೋ.

ಖರ್ಚಿನ ಲೆಕ್ಕಕ್ಕೆ ಬಾರದ್ದು: ಗುಳ್ಳೆ

ಓವರ್‌ಲೋಡ್‌ನಲ್ಲಿ ಎರಡು ಬೇರೆ ಬೇರೆ ಪ್ರಶ್ನೆ ಇವೆ, ಎರಡನ್ನೂ ಬೆರೆಸಬಾರದು. ವಯಸ್ಸಾಗುವುದು ನಿಧಾನದ ನಷ್ಟ. ಗುಳ್ಳೆ ಏಳುವುದು ಆ ಕ್ಷಣದ ಅಪಾಯ.

ಕಾಗದ ಎಷ್ಟೇ ಒಣಗಿದ್ದರೂ ಅದರಲ್ಲಿ ಒಂದಿಷ್ಟು ನೀರು ಇರುತ್ತದೆ. ಟ್ರಾನ್ಸ್‌ಫಾರ್ಮರ್ ಹಳೆಯದಾದಂತೆ ಬ್ರೀದರ್ ಮತ್ತು ಗ್ಯಾಸ್ಕೆಟ್ ಮೂಲಕ ತೇವ ಸೇರುತ್ತದೆ. ಕಾಗದ ವಯಸ್ಸಾಗುವಾಗ ತಾನೇ ನೀರು ಹುಟ್ಟಿಸುತ್ತದೆ ಕೂಡ. ತಾಮ್ರಕ್ಕೆ ಅಂಟಿದ ಕಾಗದ ಏಕದಂ ಬಿಸಿಯಾದರೆ ಆ ನೀರು ಆವಿಯಾಗಿ, ಪದರಗಳ ಮಧ್ಯದಿಂದ ಗುಳ್ಳೆಯಾಗಿ ಎಣ್ಣೆಗೆ ಬರುತ್ತದೆ. ಎಣ್ಣೆ ತಡೆಯುವಷ್ಟು ವೋಲ್ಟೇಜ್ ಗುಳ್ಳೆ ತಡೆಯುವುದಿಲ್ಲ. ವೈಂಡಿಂಗ್ ಪಕ್ಕದಲ್ಲಿ ಗುಳ್ಳೆಗಳ ಸಾಲು ನಿಂತರೆ ಅಲ್ಲಿಂದಲೇ ಫ್ಲ್ಯಾಶ್ ಆಗಬಹುದು. ಇಲ್ಲಿ ಆರು ದಿನ, ಹದಿನೇಳು ದಿನ ಎಂಬ ಲೆಕ್ಕವೇ ಇಲ್ಲ. ಕಾಗದ ಇನ್ನೂ ಇಪ್ಪತ್ತು ವರ್ಷ ಬಾಳುವಂತಿದ್ದರೂ ಟ್ರಾನ್ಸ್‌ಫಾರ್ಮರ್ ಆ ಮಧ್ಯಾಹ್ನವೇ ಹೋಗಬಹುದು.

ಕಾಗದದಲ್ಲಿ 2% ತೇವ ಇದ್ದರೆ ಗುಳ್ಳೆ ಏಳುವ ಅಪಾಯ ಸುಮಾರು 140 ಡಿಗ್ರಿಯಲ್ಲಿ ಶುರುವಾಗುತ್ತದೆ ಎಂದು ಗೈಡ್ ಹೇಳುತ್ತದೆ. ತೇವ ಜಾಸ್ತಿ ಆದಷ್ಟೂ ಈ ಅಂಕಿ ಕೆಳಗಿಳಿಯುತ್ತದೆ. ಗೈಡ್ ಹಾಕಿರುವ ಮಿತಿಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ದಿನನಿತ್ಯದ ಏರಿಳಿತದ ಲೋಡ್‌ಗೆ ಹಾಟ್ ಸ್ಪಾಟ್ 120, ಮೇಲಿನ ಎಣ್ಣೆ 105 ದಾಟಬಾರದು. ಒಂದು ಟ್ರಾನ್ಸ್‌ಫಾರ್ಮರ್ ಹೋಗಿ ದಿನಗಟ್ಟಲೆ ನಡೆಸಬೇಕಾದ ಎಮರ್ಜೆನ್ಸಿಗೆ ಹಾಟ್ ಸ್ಪಾಟ್ 140, ಎಣ್ಣೆ 115. ಅರ್ಧ ಗಂಟೆಯೊಳಗಿನ ಎಮರ್ಜೆನ್ಸಿಗೆ ಹಾಟ್ ಸ್ಪಾಟ್ 160ರವರೆಗೂ ಬಿಟ್ಟಿದೆ. ಆದರೆ 140 ದಾಟಿದರೆ ಗುಳ್ಳೆ ಬರಬಹುದು ಎಂದು ಅಲ್ಲೇ ಎಚ್ಚರಿಸಿದೆ. ಜಾಸ್ತಿ ಬಿಸಿ ತಡೆಯುವ ಥರ್ಮಲಿ ಅಪ್‌ಗ್ರೇಡೆಡ್ ಕಾಗದ ಇದ್ದರೆ ವಯಸ್ಸಾಗುವ ಲೆಕ್ಕ 98ರ ಬದಲು 110ರಿಂದ ಶುರುವಾಗುತ್ತದೆ, ನಿಜ. ಗುಳ್ಳೆಯ ವಿಷಯದಲ್ಲಿ ಆ ಕಾಗದದಿಂದ ಏನೂ ಸಿಗುವುದಿಲ್ಲ. ನೀರು ನೀರೇ.

ನಮ್ಮ ಲೆಕ್ಕದ 136 ಡಿಗ್ರಿ, ಕಾಗದದ ಮೇಲೆ ಬರೆದು ನೋಡಿದರೆ, 140ರ ಒಳಗೇ ಇದೆ. ಆದರೆ ಆ ಟ್ರಾನ್ಸ್‌ಫಾರ್ಮರಿಗೆ ಇಪ್ಪತ್ತು ವರ್ಷ ದಾಟಿತ್ತು. ಎಣ್ಣೆಯ ಪರೀಕ್ಷೆಗಳಿಂದ ಅಂದಾಜು ಮಾಡಿದ ಕಾಗದದ ತೇವ 2%ಕ್ಕಿಂತ ಮೇಲಿತ್ತು. ಇದನ್ನು ತಿಳಿಯಲು ಎಣ್ಣೆಯಲ್ಲಿರುವ ನೀರಿನ ಪಿಪಿಎಂ ಒಂದೇ ಸಾಲದು, ಸ್ಯಾಂಪಲ್ ತೆಗೆದಾಗ ಎಣ್ಣೆಯ ಬಿಸಿ ಎಷ್ಟಿತ್ತು ಎನ್ನುವುದೂ ಬೇಕು. ನೀರಿನ ಬಹುಪಾಲು ಕಾಗದದಲ್ಲೇ ಇರುತ್ತದೆ, ಬಿಸಿಯಾದಾಗ ಒಂದಿಷ್ಟು ಎಣ್ಣೆಗೆ ಬರುತ್ತದೆ. ತಣ್ಣಗಿದ್ದಾಗ ತೆಗೆದ ಎಣ್ಣೆ ಒಣಗಿದೆ ಅಂತ ಕಂಡರೆ ಕಾಗದ ಒಣಗಿದೆ ಎಂದರ್ಥವಲ್ಲ. ಇನ್ನೊಂದು ಮಾತು. 6 ಡಿಗ್ರಿಯ ನಿಯಮ ಒಣ ಕಾಗದಕ್ಕೆ ಹೇಳಿದ್ದು. ಒದ್ದೆ ಕಾಗದ ಇದರ ಎಷ್ಟೋ ಪಟ್ಟು ಬೇಗ ವಯಸ್ಸಾಗುತ್ತದೆ. ಹಾಗಾಗಿ 138 ಗಂಟೆ ಎಂಬುದೂ ನಮ್ಮ ಪಾಲಿಗೆ ಕಡಿಮೆ ಹೇಳಿದ ಅಂಕಿ.

ಹೀಗಾಗಿ ನಾನು 120ಕ್ಕೆ ಗೆರೆ ಎಳೆದೆ. ಗುಳ್ಳೆಗೆ ಸಾಕಷ್ಟು ಅಂತರ ಉಳಿಯುವ ಮಿತಿ ಅದೇ.

ಗೆರೆಯೊಳಗೆ ಎಷ್ಟು ಹಿಡಿಸುತ್ತದೆ

ಮಧ್ಯಾಹ್ನ 115% ಹಾಕಿದರೆ ಎರಡು ಗಂಟೆಗೆ ಹಾಟ್ ಸ್ಪಾಟ್ 119.5ಕ್ಕೆ ಬರುತ್ತದೆ, ಮೂರಕ್ಕೆ 121. ಪೂರ್ತಿ ಮೂರು ಗಂಟೆಗೆ ಖರ್ಚಾಗುವ ಆಯಸ್ಸು ಸುಮಾರು 27 ಗಂಟೆ. 130%ಗೆ 138, 115%ಗೆ 27. ಲೋಡ್ ಇಳಿದದ್ದು 15 ಪಾಯಿಂಟ್, ಖರ್ಚು ಇಳಿದದ್ದು ಐದರಲ್ಲಿ ಒಂದಕ್ಕೆ.

ಇನ್ನೊಂದು ಲೆಕ್ಕವನ್ನೂ ಹಾಕಿದೆ. ಅದೇ 130%, ಅದೇ ಮೂರು ಗಂಟೆ, ಹೊರಗೆ ಮಾತ್ರ 39ರ ಬದಲು 26 ಡಿಗ್ರಿ. ಎಲ್ಲ ಅಂಕಿಯೂ 13 ಡಿಗ್ರಿ ಕೆಳಗಿಳಿಯುತ್ತವೆ. ಕೊನೆಯ ಹಾಟ್ ಸ್ಪಾಟ್ 123, ಖರ್ಚಾಗುವ ಆಯಸ್ಸು ಸುಮಾರು 31 ಗಂಟೆ. ಅಂದರೆ ತಂಪು ಹೊತ್ತಿನ 130% ಮತ್ತು ಮಧ್ಯಾಹ್ನದ 115% ಟ್ರಾನ್ಸ್‌ಫಾರ್ಮರಿಗೆ ಹೆಚ್ಚುಕಡಿಮೆ ಒಂದೇ. "ಎಷ್ಟು ಪರ್ಸೆಂಟ್" ಎಂದು ಕೇಳಿದಾಗ "ಯಾವ ಹೊತ್ತಿನಲ್ಲಿ" ಎಂದು ನಾನು ಮರುಪ್ರಶ್ನೆ ಹಾಕುವುದು ಇದಕ್ಕೇ.

ಹಾಗಂತ ಎಲ್ಲವನ್ನೂ ರಾತ್ರಿಗೆ ತಳ್ಳುವುದು ನನಗೆ ಇಷ್ಟವಿರಲಿಲ್ಲ. ರಾತ್ರಿ ಕರೆಂಟ್ ಕೊಟ್ಟರೆ ಹೊಲಕ್ಕೆ ಹೋಗುವವನು ಹಾವು, ಚೇಳು ತುಳಿಯುವ ಭಯದಲ್ಲೇ ಮೋಟರ್ ಹಾಕಬೇಕು. ಬೆಳಗಿನ ಜಾವ 5ರಿಂದ 8 ಪರವಾಗಿಲ್ಲ ಎಂದು ಫೀಡರ್ ನೋಡಿಕೊಳ್ಳುವ ಸೆಕ್ಷನ್ ಆಫೀಸರ್ ಹಳ್ಳಿಗಳವರನ್ನು ಕೇಳಿ ಬಂದು ಹೇಳಿದರು. ಆಗ ಊರಿನ ಲೋಡ್ ಅರ್ಧಕ್ಕರ್ಧ ಇರುತ್ತದೆ, ಗಾಳಿಯೂ ತಣ್ಣಗಿರುತ್ತದೆ. ನಾಲ್ಕನೇ ಫೀಡರನ್ನು ಪೂರ್ತಿ ಬೆಳಗ್ಗೆಗೆ ಹಾಕಿದೆವು. ಎರಡು ಫೀಡರ್ ಮಧ್ಯಾಹ್ನ 12ರಿಂದ 3, ಮೂರನೆಯದು 12ರಿಂದ 2, ಅದರ ಉಳಿದ ಒಂದು ಗಂಟೆ ಬೆಳಗ್ಗೆ 7ರಿಂದ 8. ಮಧ್ಯಾಹ್ನ ಎರಡು ಗಂಟೆ 115%, ಕೊನೆಯ ಗಂಟೆ 100%. ಈ ಲೆಕ್ಕಕ್ಕೆ ದಿನಕ್ಕೆ ಖರ್ಚು 20 ಗಂಟೆಯೊಳಗೆ.

ಇಇ ಸಾಹೇಬರು ಒಂದೇ ಪ್ರಶ್ನೆ ಕೇಳಿದರು, "ಯಾರ ಸಪ್ಲೈಯೂ ಕಡಿಮೆ ಆಗಲ್ಲ ತಾನೇ?" "ಗಂಟೆ ಕಡಿಮೆ ಆಗಲ್ಲ ಸರ್, ಹೊತ್ತು ಮಾತ್ರ ಬದಲಾಗುತ್ತೆ" ಎಂದೆ. ಒಪ್ಪಿದರು.

ಲೆಕ್ಕ ನಂಬುವ ಮೊದಲು ಅಂಗಳಕ್ಕೆ ಇಳಿಯಬೇಕು

ಮೇಲಿನ ಅಂಕಿಗಳೆಲ್ಲ ಫ್ಯಾನ್ ಸರಿಯಾಗಿ ಓಡುತ್ತಿವೆ ಎಂಬ ನಂಬಿಕೆಯ ಮೇಲೆ ನಿಂತಿವೆ. ಫ್ಯಾನ್ ಇಲ್ಲದೆ ಅದು 12.5 ಎಂವಿಎ ಅಲ್ಲ, 8 ಎಂವಿಎ ಮಾತ್ರ. ಎಲ್‌ಸಿಗೆ ನಾಲ್ಕು ದಿನ ಮೊದಲೇ ಫ್ಯಾನುಗಳನ್ನು ಮ್ಯಾನ್ಯುಯಲ್‌ಗೆ ಹಾಕಿ ಒಂದೊಂದರ ಮುಂದೂ ನಿಂತು ನೋಡಿದೆವು. ಒಂದು ಓಡುತ್ತಿರಲಿಲ್ಲ. ಇನ್ನೊಂದು ಓಡುತ್ತಿತ್ತು, ಆದರೆ ಉಲ್ಟಾ. ಮೋಟರ್ ರೀವೈಂಡ್ ಆಗಿ ಬಂದಾಗ ಯಾರೋ ಎರಡು ಫೇಸ್ ಅದಲುಬದಲು ಕೊಟ್ಟಿದ್ದರು. ದೂರದಿಂದ ನೋಡಿದರೆ ರೆಕ್ಕೆ ತಿರುಗುವುದಷ್ಟೇ ಕಾಣುತ್ತದೆ. ಒಂದು ಹಾಳೆಯನ್ನು ರೇಡಿಯೇಟರ್ ಕಡೆ ಹಿಡಿದಾಗ ಅದು ರೇಡಿಯೇಟರ್‌ಗೆ ಒತ್ತಿಕೊಳ್ಳುವ ಬದಲು ಫ್ಯಾನಿನ ಕಡೆಗೇ ಬಾಗಿತು. ಅಲ್ಲಿ ಗೊತ್ತಾಯಿತು.

ಆಮೇಲೆ ಡಬ್ಲ್ಯೂಟಿಐ. ವೈಂಡಿಂಗ್ ಬಿಸಿ ತೋರಿಸುವ ಈ ಮೀಟರ್ ವೈಂಡಿಂಗನ್ನು ಮುಟ್ಟಿಯೇ ಇರುವುದಿಲ್ಲ. ಟ್ಯಾಂಕಿನ ಮೇಲೆ ಒಂದು ಪಾಕೆಟ್, ಅದರಲ್ಲಿ ಎಣ್ಣೆ, ಆ ಎಣ್ಣೆಯಲ್ಲಿ ಬಲ್ಬ್. ಲೋಡ್ ಕರೆಂಟ್ ಅಳೆಯುವ ಬುಶಿಂಗ್ ಸಿಟಿಯಿಂದ ಬರುವ ಕರೆಂಟ್ ಒಂದು ಪುಟ್ಟ ಹೀಟರ್ ಬಿಸಿಮಾಡುತ್ತದೆ. ಲೋಡ್ ಏರಿದಷ್ಟೂ ಹೀಟರ್ ಎಣ್ಣೆಯ ಬಿಸಿಗೆ ಒಂದಿಷ್ಟು ಡಿಗ್ರಿ ಸೇರಿಸಿ ತೋರಿಸುತ್ತದೆ. ಇದು ಅಣಕು ಬಿಸಿ, ನಿಜವಾದ ಅಳತೆಯಲ್ಲ. ನಮ್ಮ ಪಾಕೆಟ್ ತೆಗೆದು ನೋಡಿದಾಗ ಎಣ್ಣೆ ಅರ್ಧಕ್ಕೆ ಇಳಿದಿತ್ತು. ಹಾಗಿದ್ದರೆ ಮೀಟರ್ ಕಡಿಮೆ ತೋರಿಸುತ್ತದೆ. ತುಂಬಿಸಿ, ಪಕ್ಕದ ಪಾಕೆಟ್‌ನಲ್ಲಿ ಕೈ ಥರ್ಮಾಮೀಟರ್ ಇಟ್ಟು, ಮೇಲಿನ ಎಣ್ಣೆಯ ಬಿಸಿ ತೋರಿಸುವ ಓಟಿಐಯನ್ನೂ ಹೋಲಿಸಿದೆವು.

ಪಾಕೆಟ್ ಸರಿಯಿದ್ದರೂ ಡಬ್ಲ್ಯೂಟಿಐ ಮೊದಲ ಗಂಟೆಯಲ್ಲಿ ಪೂರ್ತಿ ನಿಜ ಹೇಳುವುದಿಲ್ಲ. ಮೊದಲು ಹೇಳಿದೆನಲ್ಲ, ಶುರುವಿನಲ್ಲಿ ಅಂತರ 31ರ ಬದಲು 38 ಆಗುತ್ತದೆ ಎಂದು. ಮಾಮೂಲಿ ಡಬ್ಲ್ಯೂಟಿಐನ ಹೀಟರ್‌ಗೆ ಈ ವಿಷಯ ಗೊತ್ತಿಲ್ಲ. 130% ಹಾಕಿದ ಅರ್ಧ ಗಂಟೆಗೆ ಡಯಲ್ ಹೆಚ್ಚೆಂದರೆ 112 ತೋರಿಸುತ್ತದೆ, ಒಳಗೆ 120 ಇರುತ್ತದೆ. ದಿಢೀರ್ ಓವರ್‌ಲೋಡ್‌ನಲ್ಲಿ ಡಯಲ್ ನೋಡಿಕೊಂಡು "ಇನ್ನೂ ಜಾಗ ಇದೆ" ಅಂದುಕೊಳ್ಳಬಾರದು.

ರಿಲೇ ಸೆಟ್ಟಿಂಗ್ ನೋಡದೆ ಈ ಕೆಲಸಕ್ಕೆ ಕೈಹಾಕುವ ಹಾಗೇ ಇಲ್ಲ. 12.5 ಎಂವಿಎಗೆ 11 ಕೆವಿ ಕಡೆ 656 ಆಂಪಿಯರ್. ನಮ್ಮ ಓವರ್‌ಕರೆಂಟ್ ರಿಲೇ 120%ಗೆ, ಅಂದರೆ 787ಕ್ಕೆ ಸೆಟ್ ಆಗಿತ್ತು. 130% ಎಂದರೆ 853 ಆಂಪಿಯರ್, ತಡವಾಗಿಯಾದರೂ ಟ್ರಿಪ್ ಆಗಿ ಎಲ್ಲ ಫೀಡರ್ ಕತ್ತಲಾಗುತ್ತಿತ್ತು. 115% ಎಂದರೆ 754, ಒಳಗೇ ಇದೆ. ಡಬ್ಲ್ಯೂಟಿಐ ಟ್ರಿಪ್ 105ಕ್ಕೆ, ಓಟಿಐ ಟ್ರಿಪ್ 95ಕ್ಕೆ ಇತ್ತು. ಮಾಮೂಲಿ ದಿನಗಳಿಗೆ ಅವು ಸರಿ, ಈ ಮೂರು ದಿನಕ್ಕೆ ಸಾಲುತ್ತಿರಲಿಲ್ಲ. ಸ್ಕ್ರೂಡ್ರೈವರ್ ಹಿಡಿದು ನಾವೇ ತಿರುಗಿಸುವ ವಿಷಯ ಅಲ್ಲ ಇದು. ಲೆಕ್ಕದ ಹಾಳೆ ಇಟ್ಟು, ಲಿಖಿತ ಒಪ್ಪಿಗೆ ಪಡೆದು, ರಿಲೇ ಟೆಸ್ಟಿಂಗ್ ವಿಭಾಗದ ಆರ್‌ಟಿಯವರು ಬಂದು ಮೂರು ದಿನದ ಮಟ್ಟಿಗೆ ಡಬ್ಲ್ಯೂಟಿಐ ಟ್ರಿಪ್ 120ಕ್ಕೆ, ಓಟಿಐ ಟ್ರಿಪ್ 100ಕ್ಕೆ ಏರಿಸಿದರು. ಟ್ರಿಪ್ ವೈರ್ ಬಿಚ್ಚಿಡೋಣ ಎಂಬ ಸಲಹೆಯೂ ಬಂದಿತ್ತು. ಅದಕ್ಕೆ ಯಾವ ಕಾರಣಕ್ಕೂ ಒಪ್ಪಬಾರದು. ಲೆಕ್ಕ ತಪ್ಪಿದರೆ, ಫ್ಯಾನ್ ನಿಂತರೆ ಕಾಪಾಡುವುದು ಅದೊಂದೇ.

ವೈಂಡಿಂಗ್ ತಡೆದರೆ ಎಲ್ಲ ತಡೆದ ಹಾಗೆ ಅಲ್ಲ. ಟ್ಯಾಪ್ ಚೇಂಜರ್ ಕಾಂಟ್ಯಾಕ್ಟ್, ಬುಶಿಂಗ್, ಕೇಬಲ್, ಸಿಟಿ ಎಲ್ಲಕ್ಕೂ ತಮ್ಮದೇ ಮಿತಿ ಇದೆ. ಹಿಂದಿನ ವಾರ ಮಧ್ಯಾಹ್ನದ ಲೋಡ್‌ನಲ್ಲಿ ಥರ್ಮಲ್ ಕ್ಯಾಮೆರಾ ಹಿಡಿದಾಗ 11 ಕೆವಿ ಬುಶಿಂಗಿನ ಬಿ ಫೇಸ್ ಕ್ಲ್ಯಾಂಪ್ 98 ಡಿಗ್ರಿ ಇತ್ತು, ಉಳಿದ ಎರಡು 71ರ ಆಸುಪಾಸು. ಸಡಿಲ ಜಾಯಿಂಟಿನ ಬಿಸಿ ಕರೆಂಟಿನ ವರ್ಗದಂತೆ ಏರುತ್ತದೆ. ಹಾಗೇ ಬಿಟ್ಟು 115% ಹಾಕಿದ್ದರೆ ಮೊದಲು ಕೈಕೊಡುತ್ತಿದ್ದದ್ದು ಆ ಕ್ಲ್ಯಾಂಪೇ. ಬಿಚ್ಚಿ, ಉಜ್ಜಿ, ಹೊಸ ಬೋಲ್ಟ್ ಹಾಕಿ ಬಿಗಿದರು.

ಆ ಮೂರು ದಿನ

ಮೊದಲ ದಿನ 12ಕ್ಕೆ ಮೊದಲು ಎರಡೂ ಡಯಲ್‌ನ ಕೆಂಪು ಮುಳ್ಳನ್ನು ಕೈಯಿಂದ ಹಿಂದಕ್ಕೆ ತಂದು ಕಪ್ಪು ಮುಳ್ಳಿಗೆ ತಾಗಿಸಿದೆವು. ಹಾಗೆ ಮಾಡದಿದ್ದರೆ ಕೆಂಪು ಮುಳ್ಳು ತೋರಿಸುವುದು ಯಾವುದೋ ಹಳೆಯ ದಿನದ ಗರಿಷ್ಠ. ಆಪರೇಟರ್ ಹದಿನೈದು ನಿಮಿಷಕ್ಕೊಮ್ಮೆ ಆಂಪಿಯರ್, ಓಟಿಐ, ಡಬ್ಲ್ಯೂಟಿಐ, ಹೊರಗಿನ ಬಿಸಿ ಬರೆದರು. ಓಟಿಐ 92 ದಾಟಿದರೆ ಯಾರನ್ನೂ ಕೇಳದೆ ಮೂರನೇ ಫೀಡರ್ ತೆಗೆಯಬಹುದು ಎಂದು ಅವರಿಗೆ ಮೊದಲೇ ಬರೆದು ಕೊಟ್ಟಿದ್ದೆ. ಆ ಹೊತ್ತಿನಲ್ಲಿ ಫೋನ್ ಮಾಡಿ ಒಪ್ಪಿಗೆಗೆ ಕಾಯುವಂತಾಗಬಾರದು.

2 ಗಂಟೆಗೆ ಓಟಿಐ 88, ಡಬ್ಲ್ಯೂಟಿಐ 114. ಲೆಕ್ಕದ ಪ್ರಕಾರ ಎಣ್ಣೆ 90 ದಾಟಬೇಕಿತ್ತು, ಅಂದು ಹೊರಗೆ ಸ್ವಲ್ಪ ಗಾಳಿ ಇತ್ತು. ಮೂರನೇ ಫೀಡರ್ ತೆಗೆದ ಹತ್ತೇ ನಿಮಿಷಕ್ಕೆ ಡಬ್ಲ್ಯೂಟಿಐ ಇಳಿಯತೊಡಗಿತು, ಓಟಿಐ ಮಾತ್ರ ತುಂಬಾ ಹೊತ್ತು ಹಾಗೇ ಇತ್ತು. ಉಳಿದ ಎರಡು ದಿನವೂ ಹೆಚ್ಚುಕಡಿಮೆ ಹೀಗೇ.

ಎರಡನೆಯ ಟ್ರಾನ್ಸ್‌ಫಾರ್ಮರ್ ಲೈನಿಗೆ ಬಂದ ಮೇಲೆ ಸೆಟ್ಟಿಂಗ್‌ಗಳನ್ನು ಮೊದಲಿನಂತೆ ಮಾಡಿಸಿ, ಎಣ್ಣೆಯ ಸ್ಯಾಂಪಲ್ ಕಳಿಸಿದೆವು. ಅದರಲ್ಲಿ ನಾನು ನೋಡುವುದು ಕಾರ್ಬನ್ ಮೋನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್ ಮತ್ತು ಫ್ಯೂರಾನ್. ಮೂರೂ ಕಾಗದ ಕರಗಿದ ಗುರುತು. ಫ್ಯೂರಾನ್‌ನಲ್ಲಿ 2-ಫರ್ಫ್ಯೂರಲ್ ಮುಖ್ಯ, ಅದರಿಂದ ಡಿಪಿ ಅಂದಾಜು ಮಾಡಬಹುದು. ಮೊದಲಿನ ಸ್ಯಾಂಪಲ್‌ಗೆ ಹೋಲಿಸಿದರೆ ಹೇಳಿಕೊಳ್ಳುವಂಥ ಏರಿಕೆ ಇರಲಿಲ್ಲ. ಒಂದೇ ಸ್ಯಾಂಪಲ್ ನೋಡಿ ತೀರ್ಮಾನ ಮಾಡುವಂತಿಲ್ಲ, ಮೂರು ತಿಂಗಳ ಮೇಲೆ ಇನ್ನೊಂದು ತೆಗೆಸಲು ಬರೆದಿಟ್ಟೆ. ಜೊತೆಗೆ, ಮುಂದಿನ ಬೇಸಿಗೆಗೆ ಮೊದಲು ಆ ಟ್ರಾನ್ಸ್‌ಫಾರ್ಮರಿನ ಕಾಗದದ ತೇವ ಇಳಿಸಲು ಡ್ರೈ ಔಟ್ ಮಾಡಿಸಬೇಕೆಂಬ ಪ್ರಸ್ತಾವವನ್ನೂ ಕಳಿಸಿದೆ. ತೇವ ಇಳಿದರೆ ಇದೇ ಟ್ರಾನ್ಸ್‌ಫಾರ್ಮರಿಗೆ 120ರ ಗೆರೆಯನ್ನು ಸ್ವಲ್ಪ ಮೇಲಕ್ಕೆ ಸರಿಸಬಹುದು.